ಚಂದದ ಫ್ಲೋಚಾರ್ಟ್‌ಗೆ 4, ಗೀಚಿದ ಫ್ಲೋಚಾರ್ಟ್‌ಗೆ 2½: ನನ್ನ ಅಂಕ ತಪ್ಪಾಯಿತಾ?

ಸೋಮವಾರಪೇಟೆ ಮಿಸ್

ಎಲ್ಲರಿಗೂ ನಮಸ್ಕಾರ. ಪಿಯುಸಿ ಮೊದಲ ವರ್ಷದ ಮಕ್ಕಳಿಗೆ ಕಂಪ್ಯೂಟರ್ ಸೈನ್ಸ್ ಹೇಳಿಕೊಡುತ್ತೇನೆ. ಈ ವಾರ ಮಳೆಗೆ ಮೂರು ದಿನ ಕರೆಂಟ್ ಇರಲಿಲ್ಲ, ಲ್ಯಾಬ್ ನಡೆಯಲಿಲ್ಲ. ಹಾಗಾಗಿ ಹಾಳೆಯ ಮೇಲೇ ಫ್ಲೋಚಾರ್ಟ್ ಬರೆಸಿದೆ. ಪ್ರಶ್ನೆ ಇಷ್ಟೇ: ಒಂದು ವಾರದ ಏಳು ದಿನದ ಮಳೆಯನ್ನು ಮಿಲಿಮೀಟರಿನಲ್ಲಿ ಓದಿಕೊಳ್ಳಬೇಕು, 100 ಮಿ.ಮೀ.ಗಿಂತ ಜಾಸ್ತಿ ಮಳೆ ಬಂದ ದಿನ ಎಷ್ಟು ಅಂತ ಪ್ರಿಂಟ್ ಮಾಡಬೇಕು. ಒಟ್ಟು 5 ಅಂಕ. ಚಿಹ್ನೆಗೆ 2, ಡಿಸಿಷನ್‌ಗೆ 2, ಲೂಪ್‌ಗೆ 1 ಅಂತ ನಾನೇ ಹಂಚಿಕೊಂಡಿದ್ದೆ.

ಎರಡು ಹಾಳೆ ಮಾತ್ರ ನನ್ನನ್ನು ಬಿಡುತ್ತಿಲ್ಲ.

ಮೊದಲನೆಯದು ಒಬ್ಬ ಹುಡುಗಿ ಸ್ಕೇಲ್ ಇಟ್ಟು ಬರೆದದ್ದು. ಮೇಲೆ ಓವಲ್‌ನಲ್ಲಿ ಸ್ಟಾರ್ಟ್. ಕೆಳಗೆ ಆಯತದಲ್ಲಿ `i = 1, c = 0`. ಆಮೇಲೆ ಡೈಮಂಡ್, ಒಳಗೆ `i <= 7`. ಹೌದು ಅಂದರೆ ಕೆಳಗೆ ಪ್ಯಾರಲೆಲೋಗ್ರಾಮ್‌ನಲ್ಲಿ R ಓದುತ್ತದೆ. ಅದರ ಕೆಳಗೆ ಇನ್ನೊಂದು ಡೈಮಂಡ್, `R > 100`. ಹೌದು ಅಂದರೆ `c = c + 1`, ಅದರ ಕೆಳಗೆ `i = i + 1`, ಅಲ್ಲಿಂದ ಎಡಗಡೆ ಗೆರೆ ಮೇಲೆ ಹೋಗಿ ಮೊದಲ ಡೈಮಂಡ್ ಸೇರುತ್ತದೆ. ಎರಡನೇ ಡೈಮಂಡ್‌ನ "ಇಲ್ಲ" ಗೆರೆ ಮಾತ್ರ ಬಲಗಡೆಯಿಂದ ಮೇಲಕ್ಕೆ ಹೋಗಿ, ನೇರವಾಗಿ ಮೊದಲ ಡೈಮಂಡ್‌ಗೇ ಸೇರಿದೆ. ಮೊದಲ ಡೈಮಂಡ್‌ನ "ಇಲ್ಲ" ಕಡೆ c ಪ್ರಿಂಟ್, ಸ್ಟಾಪ್. ಆ ಬಲಗಡೆಯ ಗೆರೆ ಸರಿ ಕಾಣಲಿಲ್ಲ, ಲೂಪ್‌ನ 1 ಅಂಕ ಕಳೆದು 4 ಕೊಟ್ಟೆ.

ಎರಡನೆಯದು ಒಬ್ಬ ಹುಡುಗ ಪೆನ್ಸಿಲ್‌ನಲ್ಲಿ ಗೀಚಿದ್ದು. R ಓದುವುದೂ ಆಯತದಲ್ಲಿ, c ಪ್ರಿಂಟೂ ಆಯತದಲ್ಲಿ. ಮೊದಲ ಡೈಮಂಡ್‌ಗೆ ಹೌದು, ಇಲ್ಲ ಬರೆದಿದ್ದಾನೆ. ಎರಡನೆಯದಕ್ಕೆ ಬರೆದೇ ಇಲ್ಲ. ಆದರೆ ಆ ಡೈಮಂಡ್‌ನ ಎರಡೂ ಗೆರೆ ಕೊನೆಗೆ `i = i + 1` ಮೇಲೆ ಬಂದು ಕೂಡುತ್ತವೆ. ಚಿಹ್ನೆಗೆ ½, ಡಿಸಿಷನ್‌ಗೆ 1, ಲೂಪ್‌ಗೆ 1, ಒಟ್ಟು 2½ ಕೊಟ್ಟೆ.

ಕೊಟ್ಟ ಮೇಲೆ ನೆಮ್ಮದಿ ಇಲ್ಲ. ಹುಡುಗನ ಚಾರ್ಟ್ ಕೆಲಸ ಮಾಡುತ್ತದೆ ಅನಿಸುತ್ತಿದೆ. ನೀವೆಲ್ಲ ಹೇಗೆ ನೋಡುತ್ತೀರಿ?

ಮಡಿಕೇರಿ ಟ್ಯೂಷನ್

ಮಿಸ್, ಕೈಯಲ್ಲಿ ಬರೆಸಿದರೆ ಹೀಗೇ ಆಗೋದು. draw.io ಅಂತ ಇದೆ, ದುಡ್ಡು ಕೊಡಬೇಕಿಲ್ಲ. ಚಿಹ್ನೆ ಎಳೆದು ಬಿಟ್ಟರೆ ಸಾಕು, ಗೆರೆ ತಾನೇ ಅಂಟಿಕೊಳ್ಳುತ್ತದೆ. ನನ್ನ ಮಕ್ಕಳಿಗೆ ಅದರಲ್ಲೇ ಮಾಡಿಸುತ್ತೇನೆ.

ಸೋಮವಾರಪೇಟೆ ಮಿಸ್

ಸರ್, ಹೇಗೆ ಬರೆಸೋದು ಅಂತ ಕೇಳಿದ್ದಲ್ಲ. ಬರೆದದ್ದಕ್ಕೆ ಅಂಕ ಹೇಗೆ ಅಂತ. ಪರೀಕ್ಷೆಯಲ್ಲೂ ಮಕ್ಕಳು ಕೈಯಲ್ಲೇ ಬರೆಯಬೇಕಲ್ವಾ.

ಕುಶಾಲನಗರ ಲ್ಯಾಬ್

ನಾನು ಲ್ಯಾಬ್ ನೋಡಿಕೊಳ್ಳುತ್ತೇನೆ, ರೆಕಾರ್ಡ್ ಪುಸ್ತಕಗಳನ್ನೂ ತಿದ್ದುತ್ತೇನೆ. ನನ್ನ ಪ್ರಕಾರ ನೀವು ಮಾಡಿದ್ದು ಸರಿ. ಫ್ಲೋಚಾರ್ಟ್ ಅಂದರೇನೇ ಚಿಹ್ನೆಯ ಭಾಷೆ. ಇನ್‌ಪುಟ್‌ಗೆ ಆಯತ ಹಾಕಿದರೆ ಅದು ಅಕ್ಷರ ತಪ್ಪು ಬರೆದ ಹಾಗೆ. ನಾನು ಮೂರು ನೋಡುತ್ತೇನೆ. ಚಿಹ್ನೆ ಸರಿ ಇರಬೇಕು. ಪ್ರತಿ ಗೆರೆಗೂ ಬಾಣದ ತುದಿ ಇರಬೇಕು, ಇಲ್ಲದಿದ್ದರೆ ½ ಕಟ್. "ಹೌದು" ಯಾವಾಗಲೂ ಕೆಳಗೆ, "ಇಲ್ಲ" ಬಲಕ್ಕೆ. ಇದು ನಿಯಮ. ಹುಡುಗಿಗೆ 4 ಸರಿ. ಒಂದು ಗೆರೆ ತಾನೇ ತಪ್ಪಿದ್ದು.

ಗೋಣಿಕೊಪ್ಪ ಮೇಷ್ಟ್ರು

ಮಿಸ್, ನೀವು ಬರೆದ ವಿವರ ನೋಡಿ ಹಾಳೆಯ ಮೇಲೆ ನಾನೂ ಎರಡನ್ನೂ ಬಿಡಿಸಿಕೊಂಡೆ. ಅಂಕದ ಮಾತು ಆಮೇಲೆ. ಮೊದಲು ಆ ಚಂದದ ಚಾರ್ಟ್ ಏನು ಮಾಡುತ್ತದೆ ಅಂತ ಬೆರಳಿಟ್ಟು ನಡೆದು ನೋಡೋಣ. ಏಳು ದಿನದ ಮಳೆ ಹೀಗೆ ಇಟ್ಟುಕೊಳ್ಳಿ: 120, 80, 150, 60, 100, 110, 40. ನಮಗೆ ಬೇಕಾದ ಉತ್ತರ 3. ನೂರು ಅಂದರೆ ನೂರಕ್ಕಿಂತ ಜಾಸ್ತಿ ಅಲ್ಲ, ಅದು ಲೆಕ್ಕಕ್ಕಿಲ್ಲ.

ಒಂದೊಂದು R ಓದಿ ಮತ್ತೆ ಮೊದಲ ಡೈಮಂಡ್‌ಗೆ ಬಂದಾಗ c ಎಷ್ಟು, i ಎಷ್ಟು ಅಂತ ಬರೆದಿದ್ದೇನೆ.

```
R     c   i
120   1   2
 80   1   2
150   2   3
 60   2   3
100   2   3
110   3   4
 40   3   4
```

ಏಳು ಸಂಖ್ಯೆ ಮುಗಿಯಿತು. i ಇನ್ನೂ 4ರಲ್ಲೇ ನಿಂತಿದೆ. ಡೈಮಂಡ್ ಕೇಳುತ್ತದೆ, 4 ಅನ್ನೋದು ಏಳು ಅಥವಾ ಅದಕ್ಕಿಂತ ಕಡಿಮೆಯಾ? ಹೌದು. ಎಂಟನೇ ದಿನದ ಮಳೆ ಕೊಡು ಅನ್ನುತ್ತದೆ. ಯಾಕೆ ಅಂದರೆ, ಮಳೆ ಕಡಿಮೆ ಬಂದ ದಿನ "ಇಲ್ಲ" ಗೆರೆ `i = i + 1` ಮುಟ್ಟದೆ ಹಿಂದೆ ಹೋಗುತ್ತದೆ. ಆ ದಿನ ಕಳೆದದ್ದೇ ಚಾರ್ಟ್‌ಗೆ ಗೊತ್ತಾಗುವುದಿಲ್ಲ.

ಪಟ್ಟಿಯನ್ನು ಇನ್ನೊಂದು ಸಲ ನೋಡಿ. ಪ್ರತಿ ಸಾಲಿನಲ್ಲೂ i ಅನ್ನೋದು c ಗಿಂತ ಸರಿಯಾಗಿ ಒಂದು ಜಾಸ್ತಿ. ಎರಡೂ ಒಟ್ಟಿಗೇ ಏರುತ್ತವೆ, ಒಟ್ಟಿಗೇ ನಿಲ್ಲುತ್ತವೆ. i 8 ಆದಾಗ ಮಾತ್ರ ಲೂಪ್ ಬಿಡುತ್ತದೆ, ಆಗ c 7 ಆಗಿರಲೇಬೇಕು. ಅಂದರೆ ಈ ಚಾರ್ಟ್ ಏನಾದರೂ ಪ್ರಿಂಟ್ ಮಾಡಿದರೆ ಅದು 7 ಮಾತ್ರ. ಮಳೆ ಎಷ್ಟೇ ಬರಲಿ. ಭಾಗಮಂಡಲದ ಜುಲೈ ಕೊಟ್ಟರೂ 7, ಕುಶಾಲನಗರದ ಜನವರಿ ಕೊಟ್ಟರೆ ಸುಮ್ನೆ ಕಾಯುತ್ತಾ ಕೂರುತ್ತದೆ.

ಸೋಮವಾರಪೇಟೆ ಮಿಸ್

ಸರ್, ಇದನ್ನು ಓದಿ ಒಂದು ಕ್ಷಣ ಸುಮ್ಮನೆ ಕೂತುಬಿಟ್ಟೆ. ನಾನು ಚೆಕ್ ಮಾಡಿರಲಿಲ್ಲ ಅಂತಲ್ಲ. 120, 150, 110 ಮೂರು ಸಂಖ್ಯೆ ಹಾಕಿ ನಡೆದು ನೋಡಿದ್ದೆ. c ಸರಿಯಾಗಿ ಏರುತ್ತಿತ್ತು, ಮುಂದಿನ ಹಾಳೆಗೆ ಹೋದೆ. ಮೂರೂ ನೂರಕ್ಕಿಂತ ಮೇಲೆ. "ಇಲ್ಲ" ಗೆರೆಯ ಮೇಲೆ ನನ್ನ ಬೆರಳು ಒಂದು ಸಲವೂ ಹೋಗಲಿಲ್ಲ.

ಗೋಣಿಕೊಪ್ಪ ಮೇಷ್ಟ್ರು

ಬಹಳ ಜನ ಅಲ್ಲೇ ಜಾರುತ್ತಾರೆ ಮಿಸ್. ಬೆರಳು ನಡೆಸುವ ಸಂಖ್ಯೆಗಳನ್ನು ಆರಿಸೋದೇ ಅರ್ಧ ಕೆಲಸ. ನಾನು ನಾಲ್ಕು ಸಂಖ್ಯೆ ಮೊದಲೇ ಕೆಂಪು ಪೆನ್ನಿನಲ್ಲಿ ಬರೆದುಕೊಳ್ಳುತ್ತಿದ್ದೆ. ಒಂದು ಹೌದು, ಹಿಂದೆಯೇ ಎರಡು ಇಲ್ಲ, ಮತ್ತೆ ಸರಿಯಾಗಿ ಗಡಿಯ ಮೇಲಿನ ಸಂಖ್ಯೆ, ಇಲ್ಲಿ 100. ಎರಡು "ಇಲ್ಲ" ಒಟ್ಟಿಗೆ ಬಂದರೆ i ಏರುತ್ತಿದೆಯಾ ಇಲ್ಲವಾ ಅಂತ ತಕ್ಷಣ ಕಾಣುತ್ತದೆ. ಗಡಿಯ ಸಂಖ್ಯೆ ಹಾಕಿದರೆ `R >= 100` ಅಂತ ಬರೆದವರು ಸಿಕ್ಕಿಬೀಳುತ್ತಾರೆ. ಆಮೇಲೆ ಕೊನೆಯ ಸುತ್ತು ಒಂದನ್ನು ಬೇರೆಯಾಗಿ ನೋಡಬೇಕು. `i = 0` ಇಂದ ಶುರು ಮಾಡಿ `i <= 7` ಅಂತ ಕೇಳಿದವರು ಎಂಟು ದಿನದ ಮಳೆ ಓದಿರುತ್ತಾರೆ.

ಇನ್ನು ಲ್ಯಾಬ್ ಅವರ ಮಾತಿಗೆ. ಬಾಣದ ವಿಷಯದಲ್ಲಿ ನೀವು ಅರ್ಧ ಸರಿ. ಚಿಹ್ನೆಗಳಿಗೆ ಐಎಸ್‌ಒ 5807 ಅಂತ ಒಂದು ಮಾನದಂಡ ಇದೆ, 1985ರದ್ದು. ಅದರಲ್ಲಿ ಮೇಲಿಂದ ಕೆಳಗೆ, ಎಡದಿಂದ ಬಲಕ್ಕೆ ಹೋಗೋದನ್ನು ಸಹಜ ದಿಕ್ಕು ಅಂತ ತೆಗೆದುಕೊಂಡಿದ್ದಾರೆ. ಆ ದಿಕ್ಕಿನ ಗೆರೆಗೆ ಬಾಣ ಇಲ್ಲದಿದ್ದರೂ ಓದಬಹುದು. ಬೇರೆ ದಿಕ್ಕಿಗೆ ಹೋಗುವ ಗೆರೆಗೆ ಬಾಣ ಬೇಕೇ ಬೇಕು. ಲೂಪ್‌ನ ಗೆರೆ ಕೆಳಗಿಂದ ಮೇಲಕ್ಕೆ ಹೋಗುತ್ತದೆ. ಹಾಗಾಗಿ ಅಲ್ಲಿ ಬಾಣ ಇಲ್ಲದಿದ್ದರೆ ಅದು ನಿಜವಾದ ತಪ್ಪು, ಸ್ಟಾರ್ಟ್ ಕೆಳಗಿನ ಪುಟ್ಟ ಗೆರೆಗೆ ಇಲ್ಲದಿದ್ದರೆ ಅಲ್ಲ. ಎಲ್ಲಾ ಗೆರೆಗೂ ಬಾಣ ಹಾಕಿ ಅಂತ ತರಗತಿಯಲ್ಲಿ ಮೊದಲೇ ಹೇಳಿದ್ದರೆ ಕಳೆಯಿರಿ, ಬೇಡ ಅನ್ನುವುದಿಲ್ಲ.

"ಹೌದು" ಕೆಳಗೇ ಇರಬೇಕು ಅನ್ನೋದು ಮಾತ್ರ ನಿಯಮ ಅಲ್ಲ, ರೂಢಿ. ಯಾವ ಕಡೆಯಿಂದಲಾದರೂ ಹೊರಡಲಿ. ಆದರೆ ಯಾವುದು ಹೌದು ಅಂತ ಬರೆದಿರಬೇಕು.

ಕುಶಾಲನಗರ ಲ್ಯಾಬ್

ಸರಿ ಸರ್, ದಿಕ್ಕಿನದ್ದು ಒಪ್ಪಿದೆ. ನಮಗೆ ಹಾಗೇ ಹೇಳಿಕೊಟ್ಟಿದ್ದರು, ನಾನೂ ಹಾಗೇ ನಡೆಸಿಕೊಂಡು ಬಂದೆ. ಆದರೆ ಹುಡುಗ ಎರಡನೇ ಡೈಮಂಡ್‌ಗೆ ಹೌದು, ಇಲ್ಲ ಬರೆದೇ ಇಲ್ಲವಲ್ಲ. ಅದಕ್ಕೆ ಏನು ಹೇಳುತ್ತೀರಿ?

ಗೋಣಿಕೊಪ್ಪ ಮೇಷ್ಟ್ರು

ಅದು ತಪ್ಪೇ. ಅದನ್ನು ನಾನು ಚಿಹ್ನೆಯ ತಪ್ಪು ಅನ್ನುವುದಿಲ್ಲ, ಕವಲಿನ ತಪ್ಪು ಅನ್ನುತ್ತೇನೆ. ಒಂದು ಗೆರೆ `c = c + 1` ಕಡೆ ಹೋಗಿದೆ, ಹಾಗಾಗಿ ಅದೇ ಹೌದು ಇರಬೇಕು ಅಂತ ನಮಗೆ ಅನಿಸುತ್ತದೆ. ಆದರೆ ಅದು ನಮಗೆ ಪ್ರಶ್ನೆ ಗೊತ್ತಿರುವುದರಿಂದ. ಪ್ರಶ್ನೆ ಓದದವನ ಕೈಗೆ ಆ ಹಾಳೆ ಕೊಡಿ, 80 ಬಂದಾಗ ಯಾವ ಕಡೆ ಹೋಗಬೇಕು ಅಂತ ಅವನಿಗೆ ತಿಳಿಯುವುದಿಲ್ಲ. ಮಗು ಬಿಟ್ಟದ್ದನ್ನು ತಿದ್ದುವವರು ತುಂಬಿಕೊಂಡು ಓದಬಾರದು. ½ ಕಳೆಯಿರಿ. ಎರಡೂ ಡೈಮಂಡ್‌ಗೆ ಬರೆಯದಿದ್ದರೆ 1 ಕಳೆಯಬಹುದು.

ವಿರಾಜಪೇಟೆ ಬಿಸಿಎ

ಮೇಷ್ಟ್ರೇ, ನಿಮ್ಮ ಪಟ್ಟಿ ನೋಡಿ ನನ್ನ ಮೊದಲ ಸೆಮಿಸ್ಟರ್ ನೆನಪಾಯಿತು. ಪೈಥಾನ್‌ನಲ್ಲಿ ಇದೇ ತಪ್ಪು ಮಾಡಿ ಒಂದು ಇಡೀ ಲ್ಯಾಬ್ ಕಳೆದಿದ್ದೆ. ಆ ಹುಡುಗಿಯ ಚಾರ್ಟ್ ಕೋಡ್ ಆದರೆ ಹೀಗಿರುತ್ತದೆ.

```python
i = 1
c = 0
while i <= 7:
    R = float(input())
    if R > 100:
        c = c + 1
        i = i + 1
print(c)
```

ಕೊನೆಯಿಂದ ಎರಡನೇ ಸಾಲು ನಾಲ್ಕು ಸ್ಪೇಸ್ ಎಡಕ್ಕೆ ಬಂದರೆ ಸಾಕು, ಸರಿಯಾಗುತ್ತದೆ. ಫ್ಲೋಚಾರ್ಟ್‌ನಲ್ಲಿ ಗೆರೆ ಎಲ್ಲಿ ಕೂಡುತ್ತದೆ ಅನ್ನೋದು ಇಲ್ಲಿ ಸ್ಪೇಸ್ ಎಷ್ಟು ಅನ್ನೋದಾಗಿ ಬರುತ್ತದೆ. ಆವತ್ತು ನನಗೆ ಎರರ್ ಏನೂ ಬರಲಿಲ್ಲ. ಕರ್ಸರ್ ಮಿನುಗುತ್ತಾ ಇನ್ನೊಂದು ಸಂಖ್ಯೆ ಕೇಳುತ್ತಿತ್ತು ಅಷ್ಟೇ. ನಾನೇ ಎಣಿಕೆ ತಪ್ಪಿದೆ ಅಂದುಕೊಂಡು ಮತ್ತೆ ಮತ್ತೆ ಟೈಪ್ ಮಾಡುತ್ತಿದ್ದೆ.

ತೋಟದ ಮನೆ, ನಾಪೋಕ್ಲು

ನಾನು ಮೇಷ್ಟ್ರು ಅಲ್ಲ, ಮಗ ಓದುತ್ತಿದ್ದಾನೆ. ಅವನಿಗೂ ಇಂಥದ್ದೇ ಮಳೆ ಲೆಕ್ಕ ಕೊಟ್ಟಿದ್ದರು, ಬೇರೆ ಕಾಲೇಜು. ಅವನು ಡೈಮಂಡ್ ಒಳಗೆ `R > 4` ಅಂತ ಬರೆದು ಅಂಕ ಕಳೆದುಕೊಂಡ. ಕೇಳಿದರೆ, "ಅಪ್ಪ, ನಾವು ಮನೆಯಲ್ಲಿ ಇಂಚಲ್ಲಿ ತಾನೇ ಬರೆಯೋದು" ಅಂದ. ನಿಜ. ನಮ್ಮ ತೋಟದಲ್ಲಿ ನನ್ನ ತಂದೆಯ ಕಾಲದಿಂದ ಮಳೆ ಪುಸ್ತಕ ಇದೆ, ಎಲ್ಲಾ ಇಂಚು, ಸೆಂಟ್ ಲೆಕ್ಕದಲ್ಲಿ. ನಾಲ್ಕು ಇಂಚು ಅಂದರೆ ನೂರು ಮಿಲಿಮೀಟರೇ ಅಲ್ಲವಾ? ಯಾಕೆ ಕಳೆಯಬೇಕು?

ಗೋಣಿಕೊಪ್ಪ ಮೇಷ್ಟ್ರು

ನಮ್ಮ ಮನೆಯಲ್ಲೂ ಇಂಚೇ. ಆದರೆ ಒಂದು ಇಂಚು 25.4 ಮಿ.ಮೀ. ನಾಲ್ಕು ಇಂಚು ಅಂದರೆ 101.6. ಒಂದು ದಿನ 101 ಮಿ.ಮೀ. ಬಂದರೆ ಪ್ರಶ್ನೆಯ ಪ್ರಕಾರ ಅದು ಲೆಕ್ಕಕ್ಕೆ ಬರಬೇಕು, ನಿಮ್ಮ ಮಗನ ಚಾರ್ಟ್‌ನಲ್ಲಿ ಇಂಚು ಕೊಟ್ಟರೂ ಬರುವುದಿಲ್ಲ. ಮತ್ತೆ ಪ್ರಶ್ನೆಯಲ್ಲಿ ಮಿಲಿಮೀಟರ್ ಅಂತ ಇದ್ದರೆ, ಅವರು 80 ಅಂತ ಕೊಡುತ್ತಾರೆ, ಚಾರ್ಟ್ ಅದನ್ನೂ ಭಾರಿ ಮಳೆ ಅಂತ ಎಣಿಸುತ್ತದೆ. ಹಾಗಾಗಿ ಕಂಡಿಷನ್‌ಗೆ ½ ಕಳೆದಿದ್ದರೆ ಸರಿ. ಅದಕ್ಕಿಂತ ಜಾಸ್ತಿ ಕಳೆದಿದ್ದರೆ ಕೇಳಿ. ಕವಲೂ ಲೂಪೂ ಅವನದ್ದು ಸರಿ ಇತ್ತಾ?

ತೋಟದ ಮನೆ, ನಾಪೋಕ್ಲು

ಅದನ್ನು ನೋಡಲು ನನಗೆ ಬರುವುದಿಲ್ಲ. ಎರಡು ಅಂಕ ಕಳೆದಿದ್ದಾರೆ. ಹಾಳೆ ಇಲ್ಲೇ ಇದೆ, ಇವತ್ತು ರಾತ್ರಿ ನಿಮ್ಮ ಏಳು ಸಂಖ್ಯೆಯನ್ನು ಇಂಚಿಗೆ ಬದಲಾಯಿಸಿ ಅವನ ಜೊತೆ ಕೂತು ಬೆರಳಿಟ್ಟು ನೋಡುತ್ತೇನೆ.

ಮಡಿಕೇರಿ ಟ್ಯೂಷನ್

ಮಿಸ್, ಮೊದಲು ಪ್ರಶ್ನೆ ಸರಿಯಾಗಿ ಓದಲಿಲ್ಲ, ಬೇಸರ ಮಾಡಿಕೊಳ್ಳಬೇಡಿ. ಒಂದು ಮಾತು ನನ್ನ ಅನುಭವದಿಂದ. ಮಕ್ಕಳು ವಾಟ್ಸಾಪ್‌ನಲ್ಲಿ ಹಾಳೆಯ ಫೋಟೋ ಕಳಿಸುತ್ತಾರೆ. ಪೆನ್ಸಿಲ್ ಬಾಣದ ತುದಿ ಅದರಲ್ಲಿ ಮಾಯವಾಗುತ್ತದೆ. ಒಬ್ಬಳ ಚಾರ್ಟ್‌ನಲ್ಲಿ ಲೂಪಿನ ಗೆರೆ ಮೇಲೆ ಹೋಗಿ ಎಲ್ಲಿ ಸೇರಿತು ಅಂತಲೇ ತಿಳಿಯಲಿಲ್ಲ. `i = 1` ಡಬ್ಬಿಯ ಮೇಲೋ, ಕೆಳಗೋ? ಹಾಳೆ ತರಿಸಿ ನೋಡಿದರೆ ಕೆಳಗಿತ್ತು. ಮೇಲಿದ್ದಿದ್ದರೆ ಕಥೆಯೇ ಬೇರೆ ಅಲ್ವಾ?

ಗೋಣಿಕೊಪ್ಪ ಮೇಷ್ಟ್ರು

ಪೂರ್ತಿ ಬೇರೆ. ಮೇಲೆ ಸೇರಿದರೆ ಪ್ರತಿ ಸುತ್ತಿನಲ್ಲೂ i ಮತ್ತೆ 1, c ಮತ್ತೆ 0. ಎಂದೂ ನಿಲ್ಲುವುದಿಲ್ಲ. ಹಾಳೆಯ ಮೇಲೆ ಆ ಎರಡಕ್ಕೂ ಇರುವ ಅಂತರ ಒಂದು ಡಬ್ಬಿಯ ಎತ್ತರ ಅಷ್ಟೇ. ಇನ್ನು ಕೆಲವರು ಗೆರೆಯನ್ನು ಡೈಮಂಡ್‌ನ ಕೆಳಗೆ, R ಓದುವ ಚಿಹ್ನೆಗೇ ತಂದು ಸೇರಿಸುತ್ತಾರೆ. ಆಗ i ಏರುತ್ತದೆ, ಆದರೆ ಏಳು ದಾಟಿತಾ ಅಂತ ಕೇಳುವವರೇ ಇಲ್ಲ. ಅದೂ ನಿಲ್ಲುವುದಿಲ್ಲ. ಅದಕ್ಕೇ ನಾನು ಲೂಪ್ ನೋಡುವಾಗ ಚಿತ್ರ ಇಡಿಯಾಗಿ ನೋಡುತ್ತಿರಲಿಲ್ಲ. ಹಿಂದೆ ಹೋಗುವ ಗೆರೆಯ ತುದಿ ಮುಟ್ಟಿದ ಜಾಗ ಯಾವುದು ಅಂತ ಮಾತ್ರ ನೋಡುತ್ತಿದ್ದೆ. ಅದು ಡೈಮಂಡ್‌ನ ಸ್ವಲ್ಪ ಮೇಲೆ, `i = 1` ಡಬ್ಬಿಯ ಕೆಳಗೆ ಇರಬೇಕು.

ಸೋಮವಾರಪೇಟೆ ಮಿಸ್

ಸರ್, ನೀವು ಹೇಳಿದ ಹಾಗೆ ಎಲ್ಲಾ ಹಾಳೆಗಳನ್ನೂ ನಿನ್ನೆ ರಾತ್ರಿ ಮತ್ತೆ ತೆಗೆದುಕೊಂಡೆ. ಕರೆಂಟ್ ಇರಲಿಲ್ಲ, ಎಮರ್ಜೆನ್ಸಿ ಲ್ಯಾಂಪ್ ಇಟ್ಟುಕೊಂಡು ಕೂತೆ. 120, 80, 60, 100 ಹಾಕಿ ಒಂದೊಂದರ ಮೇಲೂ ಬೆರಳು ನಡೆಸಿದೆ. ಒಂದು ಹಾಳೆಗೆ ಎರಡು ನಿಮಿಷವೂ ಬೇಕಾಗಲಿಲ್ಲ. "ಇಲ್ಲ" ಗೆರೆ ತಪ್ಪಿದ್ದವರು ಅವಳೊಬ್ಬಳೇ ಅಲ್ಲ, ಇನ್ನೂ ಐದು ಜನ ಇದ್ದರು. ಇಬ್ಬರಿಗೆ ನಾನು ಪೂರ್ತಿ 5 ಕೊಟ್ಟಿದ್ದೆ.

ಹುಡುಗನ ಚಾರ್ಟ್‌ನಲ್ಲಿ, ಬರೆಯದ ಹೌದು, ಇಲ್ಲವನ್ನು ಅವನನ್ನೇ ಕೇಳಿ ಹಾಕಿಕೊಂಡು ನಡೆದೆ. ಏಳು ಸಂಖ್ಯೆಗೆ 3 ಬಂತು. ಸರಿಯಾದ ಉತ್ತರ.

ಈಗ ಅಂಕವನ್ನು ಹೇಗೆ ಹಂಚಲಿ?

ಗೋಣಿಕೊಪ್ಪ ಮೇಷ್ಟ್ರು

ನಾನಾಗಿದ್ದರೆ ಚಿಹ್ನೆಗೆ 1, ಕವಲಿಗೆ 2, ಲೂಪಿಗೆ 2 ಇಡುತ್ತಿದ್ದೆ. ಚಿಹ್ನೆ ತಪ್ಪಿದರೆ ಓದುವವನು ಒಂದು ಕ್ಷಣ ತಡವರಿಸುತ್ತಾನೆ, ಆಮೇಲೂ ದಾರಿ ಸಿಗುತ್ತದೆ. ಗೆರೆ ತಪ್ಪಿದರೆ ದಾರಿಯೇ ಬೇರೆ. ಚಿಹ್ನೆಯಲ್ಲಿ ಒಂದೇ ತಪ್ಪು ಎರಡು ಸಲ ಬಂದರೂ ಒಂದೇ ಸಲ ಕಳೆಯಿರಿ. ಹುಡುಗ ಇನ್‌ಪುಟ್‌ಗೂ ಔಟ್‌ಪುಟ್‌ಗೂ ಆಯತ ಹಾಕಿದ್ದು ಒಂದೇ ತಪ್ಪು, ಆ ಚಿಹ್ನೆ ಅವನಿಗೆ ಗೊತ್ತಿಲ್ಲ. ಚಿಹ್ನೆಗೆ ½, ಕವಲಿಗೆ 1½, ಲೂಪಿಗೆ 2. ಒಟ್ಟು 4.

ಹುಡುಗಿಗೆ ಚಿಹ್ನೆಗೆ 1, ಕವಲಿನ ಕಂಡಿಷನ್, ಗೆರೆಗಳ ಮೇಲಿನ ಹೌದು, ಇಲ್ಲ ಎಲ್ಲವೂ ಸರಿ ಇದ್ದದ್ದಕ್ಕೆ 2. ಲೂಪಿಗೆ 0. ಏಳು ದಿನ ಎಣಿಸಬೇಕಾದ ಲೂಪ್ ದಿನವನ್ನೇ ಎಣಿಸುತ್ತಿಲ್ಲ. ಒಟ್ಟು 3.

ಕುಶಾಲನಗರ ಲ್ಯಾಬ್

ಇಲ್ಲಿ ನಾನು ಒಪ್ಪಲಾರೆ ಮೇಷ್ಟ್ರೇ. ಅವಳು `i = 1` ಸರಿ ಬರೆದಿದ್ದಾಳೆ. `i <= 7` ಸರಿ. `i = i + 1` ಇದೆ. ಹಿಂದೆ ಹೋಗುವ ಬಾಣವೂ ಇದೆ. ಲೂಪಿನ ನಾಲ್ಕು ಭಾಗವೂ ಹಾಳೆಯ ಮೇಲಿದ್ದಾಗ ಸೊನ್ನೆ ಹೇಗೆ? ತಪ್ಪಿದ್ದು ಡೈಮಂಡ್‌ನಿಂದ ಹೊರಟ ಒಂದು ಗೆರೆ. ಅದು ಕವಲಿನ ತಪ್ಪು. ಅಲ್ಲಿ 1 ಕಳೆದು 4 ಕೊಡಿ.

ವಿರಾಜಪೇಟೆ ಬಿಸಿಎ

ನನಗೆ ಲ್ಯಾಬ್ ಸರ್ ಹೇಳಿದ್ದರಲ್ಲೂ ಅರ್ಥ ಕಾಣುತ್ತಿದೆ. ನನ್ನ ಕೋಡ್‌ನಲ್ಲಿ ತಪ್ಪಿದ್ದು `while` ಸಾಲಾ, `if` ಸಾಲಾ ಅಂತ ಕೇಳಿದರೆ ಎರಡೂ ಅಲ್ಲ. ಎರಡರ ನಡುವಿನ ಜಾಗ ತಪ್ಪಿದ್ದು.

ಗೋಣಿಕೊಪ್ಪ ಮೇಷ್ಟ್ರು

ಲ್ಯಾಬ್ ಅವರೇ, ಭಾಗ ಇದ್ದದ್ದಕ್ಕೆ ಅಂಕ ಕೊಡೋದಾದರೆ ನಿಮ್ಮದು ಸರಿ. ಲೂಪಿಗೆ 1 ಕೊಟ್ಟು ಒಟ್ಟು 4 ಮಾಡಿದರೂ ನಾನು ಜಗಳಕ್ಕೆ ಬರುವುದಿಲ್ಲ. ನನ್ನ ಲೆಕ್ಕ ಮಾತ್ರ ಇಷ್ಟು, ಯಾವ ಸಂಖ್ಯೆ ಕೊಟ್ಟರೂ 7 ಅನ್ನುವ ಚಾರ್ಟ್‌ಗೆ, 3 ಅನ್ನುವ ಚಾರ್ಟ್‌ಗಿಂತ ಜಾಸ್ತಿ ಬರಬಾರದು. ಇಬ್ಬರಿಗೂ 4 ಅಂದರೆ ನನಗೆ ಅಡ್ಡಿ ಇಲ್ಲ.

ಮಿಸ್, ಮುಂದಿನ ಸಲ ಚಾರ್ಟ್‌ನ ಕೆಳಗೆ ಮೂರು ಕಾಲಂನ ಖಾಲಿ ಪಟ್ಟಿ ಕೊಟ್ಟುಬಿಡಿ. R ಕಾಲಂನಲ್ಲಿ ಸಂಖ್ಯೆ ನೀವೇ ತುಂಬಿಸಿ, c, i ಅವರು ಬರೆಯಲಿ. ಮಗು ತನ್ನ ಗೆರೆಯನ್ನು ತಾನು ಹೇಗೆ ಓದಿತು ಅಂತ ಅಲ್ಲೇ ಕಾಣುತ್ತದೆ. ಮಸುಕಾದ ಗೆರೆ ಎಲ್ಲಿ ಸೇರಿತು ಅಂತ ನೀವು ಊಹಿಸಬೇಕಾಗಿಲ್ಲ.

ಸೋಮವಾರಪೇಟೆ ಮಿಸ್

ಇವತ್ತು ಆ ಹುಡುಗಿಯನ್ನು ಸ್ಟಾಫ್ ರೂಮಿಗೆ ಕರೆದೆ. ತಪ್ಪು ಎಲ್ಲಿದೆ ಅಂತ ಹೇಳಲಿಲ್ಲ. ಅವಳ ಹಾಳೆ ಕೊಟ್ಟು, 120 ಹಾಕಿ ನಡಿ ಅಂದೆ. ಬೆರಳು ಸುತ್ತು ಹಾಕಿ ಬಂತು. ಈಗ 80 ಅಂದೆ. "ಇಲ್ಲ" ಗೆರೆ ಹಿಡಿದು ಬಲಗಡೆ ಹೋಗಿ ಮೇಲಕ್ಕೆ ಬಂದಳು. ಈಗ i ಎಷ್ಟು ಅಂತ ಕೇಳಿದೆ. "ಮೂರು ಮಿಸ್" ಅಂದಳು. ಆಮೇಲೆ ಬೆರಳು ಎತ್ತದೆ ಹಾಗೇ ನಿಂತಳು. ಮತ್ತೆ ಕೆಳಗೆ ನೋಡಿದಳು. "ಇಲ್ಲ ಮಿಸ್, ಎರಡೇ. ನಾನು ಅದರ ಮೇಲೆ ಹೋಗಲೇ ಇಲ್ಲ" ಅಂದಳು.

ರಬ್ಬರ್ ನಾನೇ ಕೊಟ್ಟೆ. ಬಲಗಡೆಯ ಗೆರೆ ಅಳಿಸಿ, `c = c + 1` ಡಬ್ಬಿಯ ಪಕ್ಕದಿಂದ ಇಳಿಸಿ, `i = i + 1` ಮೇಲಿನ ಗೆರೆಗೆ ಸೇರಿಸಿದಳು. ಸ್ಕೇಲ್ ಇಟ್ಟೇ.

ಹುಡುಗನಿಗೆ 4 ಮಾಡಿದ್ದೇನೆ. ಇವಳಿಗೆ 3 ಬರೆದಿದ್ದೇನೆ, ಪೆನ್ಸಿಲ್‌ನಲ್ಲಿ. ಲ್ಯಾಬ್ ಸರ್ ಮಾತು ಇನ್ನೂ ತಲೆಯಲ್ಲಿದೆ. ಉಳಿದ ಐದು ಹಾಳೆಗಳಲ್ಲಿ ಒಬ್ಬಳು "ಇಲ್ಲ" ಗೆರೆಯನ್ನು ಎಲ್ಲಿಗೂ ಸೇರಿಸದೆ ಬಿಟ್ಟಿದ್ದಾಳೆ, ಡೈಮಂಡ್‌ನಿಂದ ಹೊರಟು ಖಾಲಿ ಜಾಗದಲ್ಲಿ ನಿಂತಿದೆ. ಅದನ್ನು ಕವಲಿನಲ್ಲಿ ಕಳೆಯಲಾ, ಲೂಪಿನಲ್ಲಾ?

ಕುಶಾಲನಗರ ಲ್ಯಾಬ್

ಅದು ಕವಲೇ ಮಿಸ್, ಅದರಲ್ಲಿ ಅನುಮಾನ ಬೇಡ. ಆದರೆ ಮೊದಲು ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿ. ಅಳಿಸಿದ ಗುರುತು ಇದ್ದರೆ ಎಲ್ಲಿಗೆ ಸೇರಿಸಿದ್ದಳು ಅಂತ ತಿಳಿಯುತ್ತದೆ.

ತೋಟದ ಮನೆ, ನಾಪೋಕ್ಲು

ರಾತ್ರಿ ಮಗನ ಜೊತೆ ಕೂತೆವು. ಏಳು ಸಂಖ್ಯೆಗೆ 3 ಬಂತು, ಲೂಪ್ ಸರಿಯಾಗಿ ನಿಂತಿತು. ನಾಳೆ ಹಾಳೆ ತೆಗೆದುಕೊಂಡು ಹೋಗಿ ಅವರ ಮೇಷ್ಟ್ರನ್ನು ಕೇಳು ಅಂದಿದ್ದೇನೆ, ಕಂಡಿಷನ್‌ನ ½ ಬಿಟ್ಟು.